ಲಿಥಿಯಂ ತೆಗೆದುಕೊಳ್ಳುವವರ ಮನೆಯಲ್ಲಿ ನೀರು-ಉಪ್ಪಿನ ಲೆಕ್ಕ: ಜ್ವರ, ವಾಂತಿ ಬಂದ ದಿನ ಏನು ಮಾಡಬೇಕು

ಅಣ್ಣನಿಗೆ ಜ್ವರ ಬಂದ ಮೂರನೆಯ ದಿನ ಬೆಳಿಗ್ಗೆ ಅತ್ತಿಗೆ ಅವನ ಕೈಗೆ ನೀರಿನ ಲೋಟ ಕೊಟ್ಟರು. ಲೋಟ ಬಾಯಿಯವರೆಗೆ ತಲುಪುವಷ್ಟರಲ್ಲಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತ್ತು. ಉನ್ಮಾದ, ಖಿನ್ನತೆ ಮರುಕಳಿಸದಂತೆ ಹನ್ನೆರಡು ವರ್ಷಗಳಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವನ ಬೆರಳುಗಳು ಸಣ್ಣಗೆ ನಡುಗುವುದು ನಮಗೆ ಹೊಸದಲ್ಲ. ಆದರೆ ಅಂದು ನಡುಗುತ್ತಿದ್ದುದು ಬೆರಳಲ್ಲ, ಮಣಿಕಟ್ಟಿನಿಂದ ಇಡೀ ಕೈ. ಎರಡು ಸಲ ವಾಂತಿಯೂ ಆಗಿತ್ತು. ಜ್ವರಕ್ಕೆ ಪಿತ್ತ ಕೆರಳಿದೆ ಎಂದುಕೊಂಡೆವು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ್ದು ಮೂರೇ ಪ್ರಶ್ನೆ. "ಗಂಜಿಗೆ ಉಪ್ಪು ಹಾಕಿದ್ದಿರಾ? ಮೈಕೈ ನೋವಿಗೆ ಯಾವ ಮಾತ್ರೆ ಕೊಟ್ಟಿರಿ? ಲಿಥಿಯಂ ನಿಲ್ಲಿಸಿದ್ದಿರಾ?" ಪಥ್ಯವೆಂದು ಉಪ್ಪಿಲ್ಲದ ಗಂಜಿ ಕೊಟ್ಟಿದ್ದೆವು. ಔಷಧಿ ಅಂಗಡಿಯಿಂದ ತಂದ ನೋವಿನ ಮಾತ್ರೆಯಲ್ಲಿ ಐಬುಪ್ರೊಫೇನ್ ಇತ್ತು. ಲಿಥಿಯಂ ಮಾತ್ರೆಯನ್ನಂತೂ ಒಂದು ರಾತ್ರಿಯೂ ತಪ್ಪದಂತೆ ನಾನೇ ನಿಂತು ನುಂಗಿಸಿದ್ದೆ. ಆ ಮೂರೂ ಸೇರಿ ಅವನ ರಕ್ತದ ಲಿಥಿಯಂ ಮಟ್ಟ 0.7ರಿಂದ 2.1ಕ್ಕೆ ಏರಿತ್ತು. ನಾಲ್ಕು ದಿನ ಸಲೈನ್ ಏರಿಸಿದ ಮೇಲೆ ಮನೆಗೆ ಬಂದ.

ಆ ವಾರ ನಮಗೆ ಗೊತ್ತಿರಬೇಕಾಗಿದ್ದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ವೈದ್ಯರು ಹೇಳಿದ ಮಾತಿಗೆ ಇದು ಬದಲಿಯಲ್ಲ. ಅವರ ಬಳಿ ಹೋದಾಗ ಏನನ್ನು ಕೇಳಿ ಬರೆಸಿಕೊಂಡು ಬರಬೇಕು ಎಂಬುದಕ್ಕೆ ಇದನ್ನು ಜೊತೆಗಿಟ್ಟುಕೊಳ್ಳಿ.

ಉಪ್ಪಿಗೂ ಲಿಥಿಯಂಗೂ ಏನು ನಂಟು

ಲಿಥಿಯಂ ಯಕೃತ್ತಿನಲ್ಲಿ ಕರಗಿ ಹೋಗುವ ಔಷಧಿಯಲ್ಲ. ನುಂಗಿದ್ದು ಹೆಚ್ಚುಕಡಿಮೆ ಪೂರ್ತಿಯಾಗಿ ಮೂತ್ರದಲ್ಲೇ ಹೊರಗೆ ಹೋಗಬೇಕು. ಆದರೆ ಮೂತ್ರಪಿಂಡಕ್ಕೆ ಲಿಥಿಯಂ ಮತ್ತು ಅಡುಗೆ ಉಪ್ಪಿನ ಸೋಡಿಯಂ ನಡುವೆ ಅಷ್ಟಾಗಿ ವ್ಯತ್ಯಾಸ ತಿಳಿಯುವುದಿಲ್ಲ. ಮೈಯಲ್ಲಿ ನೀರು, ಉಪ್ಪು ಸಾಕಷ್ಟಿದ್ದಾಗ ಅದು ಎರಡನ್ನೂ ಅಳತೆಯಂತೆ ಹೊರಗೆ ಬಿಡುತ್ತದೆ. ಬೆವರು, ಭೇದಿ, ವಾಂತಿಯಲ್ಲಿ ಉಪ್ಪು ಹೋಗಿಬಿಟ್ಟರೆ, ಇನ್ನು ಒಂದು ಹರಳೂ ಬಿಡಬಾರದೆಂದು ಸೋಡಿಯಂ ಅನ್ನು ಒಳಕ್ಕೆ ಎಳೆದುಕೊಳ್ಳತೊಡಗುತ್ತದೆ. ಅದರ ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಮಾತ್ರೆ ಎಂದಿನಷ್ಟೇ ಇದ್ದರೂ ರಕ್ತದಲ್ಲಿ ಮಟ್ಟ ಏರುವುದು ಹೀಗೆ.

ಈ ಸಂಬಂಧ ವೈದ್ಯಲೋಕಕ್ಕೆ ತಿಳಿದದ್ದು ದೊಡ್ಡ ಬೆಲೆ ತೆತ್ತು. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಉಪ್ಪು ಬಿಡಬೇಕಾದ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರಲಾಯಿತು. ಸೋಡಿಯಂ ಬಿಟ್ಟ ಮೈಗೆ ಲಿಥಿಯಂ ಸುರಿದಂತಾಯಿತು. ಸಾವುಗಳು ವರದಿಯಾಗಿ 1949ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ಅದೇ ವರ್ಷ ಆಸ್ಟ್ರೇಲಿಯಾದಲ್ಲಿ ಜಾನ್ ಕೇಡ್ ಎಂಬ ಮನೋವೈದ್ಯರು ಉನ್ಮಾದಕ್ಕೆ ಲಿಥಿಯಂ ಒಳ್ಳೆಯ ಔಷಧಿ ಎಂದು ಬರೆದರು. ಒಂದೇ ವಸ್ತು ಮದ್ದೂ ಆಗುತ್ತದೆ, ವಿಷವೂ ಆಗುತ್ತದೆ. ನಡುವಿನ ಅಂತರ ಬಹಳ ಚಿಕ್ಕದು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇಡುತ್ತಾರೆ, 1.5 ದಾಟಿದರೆ ವಿಷದ ಲಕ್ಷಣಗಳು ಕಾಣಿಸಿಕೊಳ್ಳಬಹುದು. ವಯಸ್ಸಾದವರಲ್ಲಿ ಅದಕ್ಕಿಂತ ಕಡಿಮೆಯಲ್ಲೂ ಕಾಣಿಸುತ್ತವೆ.

ಇನ್ನೊಂದು ಸಂಗತಿ. ಬಹಳ ವರ್ಷ ಲಿಥಿಯಂ ತೆಗೆದುಕೊಂಡ ಅನೇಕರಿಗೆ ಮೂತ್ರ ಜಾಸ್ತಿ, ಬಾಯಾರಿಕೆ ಜಾಸ್ತಿ. ನೀರನ್ನು ಹಿಡಿದಿಟ್ಟುಕೊಳ್ಳಿ ಎಂದು ಮಿದುಳಿನಿಂದ ಬರುವ ಹಾರ್ಮೋನಿನ ಮಾತನ್ನು ಮೂತ್ರಪಿಂಡ ಕೇಳದಂತೆ ಲಿಥಿಯಂ ಮಾಡುತ್ತದೆ. ಹೀಗಾಗಿ ಬೇರೆಯವರಿಗೆ ಒಂದು ದಿನ ನೀರು ಸೇರದಿದ್ದರೆ ಆಗುವ ಒಣಗುವಿಕೆ ಇವರಿಗೆ ಅರ್ಧ ದಿನದಲ್ಲೇ ಆಗಿಬಿಡಬಹುದು. ಬಾಯಾರಿಕೆಯೇ ಇವರನ್ನು ಕಾಯುತ್ತಿರುತ್ತದೆ. ರಾತ್ರಿ ಮತ್ತೆ ಮತ್ತೆ ಏಳುತ್ತಾರೆಂದು ಮನೆಯವರು ನೀರು ಕಡಿಮೆ ಮಾಡಿಸಬಾರದು.

ಆರೋಗ್ಯವಾಗಿರುವ ದಿನಗಳಲ್ಲಿ

ಇಲ್ಲಿ ಬೇಕಾಗಿರುವುದು ಹೆಚ್ಚು ಉಪ್ಪೂ ಅಲ್ಲ, ಕಡಿಮೆ ಉಪ್ಪೂ ಅಲ್ಲ, ಒಂದೇ ಸಮನಾದ ಉಪ್ಪು. ನಿಮ್ಮ ಮನೆಯ ಸಾರು, ಪಲ್ಯ, ಮಜ್ಜಿಗೆಯ ಉಪ್ಪಿಗೆ ಹೊಂದಿಕೊಂಡೇ ವೈದ್ಯರು ಮಾತ್ರೆಯ ಪ್ರಮಾಣ ಗೊತ್ತುಮಾಡಿರುತ್ತಾರೆ. ಇದ್ದಕ್ಕಿದ್ದಂತೆ ಉಪ್ಪು ಬಿಟ್ಟರೆ ಲಿಥಿಯಂ ಏರುತ್ತದೆ. ಉಪ್ಪಿನಕಾಯಿ, ಸಂಡಿಗೆ, ಹಪ್ಪಳ ಎಂದು ಒಮ್ಮೆಲೇ ಹೆಚ್ಚಿಸಿದರೆ ಅದು ಇಳಿದು ಕಾಯಿಲೆ ಮರುಕಳಿಸಬಹುದು. ರಕ್ತದೊತ್ತಡ ಹೆಚ್ಚಾಗಿದೆ, ಉಪ್ಪು ಕಡಿಮೆ ಮಾಡಿ ಎಂದು ಬೇರೆ ವೈದ್ಯರು ಹೇಳಿದರೆ ಅದು ಸರಿಯಾದ ಸಲಹೆಯೇ ಇರಬಹುದು. ಆದರೆ ಮನೋವೈದ್ಯರಿಗೆ ತಿಳಿಸಿ, ಕೆಲವು ವಾರಗಳಲ್ಲಿ ನಿಧಾನವಾಗಿ ಇಳಿಸಿ, ನಡುವೆ ರಕ್ತಪರೀಕ್ಷೆ ಮಾಡಿಸಿ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿಗೆ ಏಕಾಏಕಿ ಬದಲಾಗುವುದೂ ಉಪ್ಪು ಬಿಟ್ಟ ಹಾಗೆಯೇ.

ನೀರು ದಿನಕ್ಕೆ ಎರಡರಿಂದ ಮೂರು ಲೀಟರ್ ಎಂಬುದು ಹೆಚ್ಚಿನವರಿಗೆ ಹೊಂದುವ ಅಳತೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ತಮ್ಮ ಅಳತೆಯನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು. ನಾವು ಒಂದು ಲೀಟರಿನ ಬಾಟಲಿಯನ್ನು ಬೆಳಿಗ್ಗೆ ತುಂಬಿಸಿ ಇಡುತ್ತೇವೆ. ಮಧ್ಯಾಹ್ನದ ಊಟಕ್ಕೆ ಒಂದು ಸಲ ಖಾಲಿಯಾಗಿರಬೇಕು, ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡನೆಯ ಸಲ. ಮೂತ್ರ ತಿಳಿ ಹಳದಿಯಾಗಿದ್ದರೆ ಸರಿ ಎಂಬ ಸಾಮಾನ್ಯ ಲೆಕ್ಕ ಇಲ್ಲಿ ಯಾವಾಗಲೂ ನಂಬಲರ್ಹವಲ್ಲ. ಮೂತ್ರಪಿಂಡ ನೀರನ್ನು ಹಿಡಿದಿಡದೆ ಇದ್ದರೆ ಮೈ ಒಣಗುತ್ತಿದ್ದರೂ ಮೂತ್ರ ನೀರಿನಂತೆಯೇ ಹೋಗುತ್ತಿರುತ್ತದೆ. ಬಾಯಿ ಒಣಗುವುದು, ಎದ್ದು ನಿಂತಾಗ ತಲೆ ಸುತ್ತುವುದು, ಇವನ್ನು ನಂಬಿ. ದಿನಕ್ಕೆ ಮೂರು ಲೀಟರಿಗಿಂತ ಹೆಚ್ಚು ಮೂತ್ರ ಹೋಗುತ್ತಿದ್ದರೆ ಅದನ್ನು ಅಳೆದು ವೈದ್ಯರಿಗೆ ಹೇಳಿ.

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆಯ ಬಿಸಿಲಿನಲ್ಲಿ ಹೊರಗೆ ದುಡಿಯುವವರಿಗೆ ಬರೀ ನೀರು ಸಾಲದು. ಬೆವರಿನಲ್ಲಿ ಹೋದ ಉಪ್ಪೂ ವಾಪಸಾಗಬೇಕು. ಎಂದಿನ ಊಟ ಬಿಡದೆ, ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿಯನ್ನು ನಡುವೆ ಕುಡಿಯಿರಿ. ಏಕಾದಶಿಯ ನಿರ್ಜಲ ಉಪವಾಸ, ಉಪ್ಪು ಬಿಡುವ ವ್ರತ, ರಂಜಾನ್ ಉಪವಾಸ, ಇವುಗಳಲ್ಲಿ ಯಾವುದೇ ಇರಲಿ, ಕೆಲವು ವಾರ ಮೊದಲೇ ವೈದ್ಯರ ಜೊತೆ ಮಾತನಾಡಿ. ನಮ್ಮ ಮನೆಯಲ್ಲಿ ಅಣ್ಣ ಏಕಾದಶಿಗೆ ನೀರು ಬಿಡುವುದನ್ನು ನಿಲ್ಲಿಸಿದ್ದಾನೆ. ಫಲಾಹಾರ ಮಾಡಿ ನೀರು, ಮಜ್ಜಿಗೆ ಕುಡಿಯುತ್ತಾನೆ. ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯುವವರು ಒಂದೇ ದಿನದಲ್ಲಿ ಅದನ್ನು ಪೂರ್ತಿ ಬಿಟ್ಟರೂ ಲಿಥಿಯಂ ಏರುತ್ತದೆ, ಏಕೆಂದರೆ ಕಾಫಿ ಅದನ್ನು ಮೂತ್ರದಲ್ಲಿ ಹೆಚ್ಚು ಹೊರಗೆ ಕಳಿಸುತ್ತಿರುತ್ತದೆ.

ಜ್ವರ ಅಥವಾ ವಾಂತಿ ಶುರುವಾದ ದಿನ

ಮೊದಲು ತಿಳಿದಿರಬೇಕಾದದ್ದು ಇದು: ವಾಂತಿ, ಭೇದಿ ಲಿಥಿಯಂ ಏರಲು ಕಾರಣವೂ ಹೌದು, ಲಿಥಿಯಂ ಏರಿರುವುದರ ಲಕ್ಷಣವೂ ಹೌದು. ನಮಗೆ ಮೋಸವಾದದ್ದು ಇಲ್ಲೇ. ಊಟ ಕೆಟ್ಟು ಆದ ವಾಂತಿ ಯಾವುದು, ಲಿಥಿಯಂ ತಂದ ವಾಂತಿ ಯಾವುದು ಎಂದು ಮನೆಯಲ್ಲಿ ಕುಳಿತು ಬೇರೆ ಮಾಡಲಾಗುವುದಿಲ್ಲ. ಆದ್ದರಿಂದ ಲಿಥಿಯಂ ತೆಗೆದುಕೊಳ್ಳುವವರ ವಾಂತಿಯನ್ನು ಬರೀ ಹೊಟ್ಟೆಯ ತೊಂದರೆ ಎಂದು ತೀರ್ಮಾನಿಸಬೇಡಿ.

ಮೊದಲ ಹೆಜ್ಜೆ, ನಡೆದದ್ದನ್ನು ಬರೆದಿಡುವುದು. ಎಷ್ಟು ಗಂಟೆಗೆ ವಾಂತಿ, ಎಷ್ಟು ಸಲ ಭೇದಿ, ಜ್ವರ ಎಷ್ಟು, ಕೊನೆಯ ಲಿಥಿಯಂ ಮಾತ್ರೆ ನುಂಗಿದ್ದು ಯಾವಾಗ, ಎಷ್ಟು ಲೋಟ ನೀರು ಒಳಗೆ ಉಳಿಯಿತು. ಆಸ್ಪತ್ರೆಯಲ್ಲಿ ಕೇಳುವುದೂ ಇದನ್ನೇ.

ಎರಡನೆಯದು ಮಾತ್ರೆಯ ಪ್ರಶ್ನೆ. ಒಂದೇ ಸಲ ವಾಂತಿಯಾಗಿ, ಆಮೇಲೆ ಊಟ ನೀರು ಎಂದಿನಂತೆ ಸೇರುತ್ತಿದ್ದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ ಮುಂದುವರಿಸಬಹುದು. ವಾಂತಿ ಅಥವಾ ಭೇದಿ ಮತ್ತೆ ಮತ್ತೆ ಆಗುತ್ತಿದ್ದರೆ, ಜ್ವರದಲ್ಲಿ ನೀರು, ಊಟ ಸೇರದಿದ್ದರೆ, ಮುಂದಿನ ಲಿಥಿಯಂ ಮಾತ್ರೆಯನ್ನು ತಡೆಹಿಡಿದು ಅದೇ ದಿನ ವೈದ್ಯರನ್ನು ಸಂಪರ್ಕಿಸಿ. ಅಷ್ಟರಲ್ಲಿ ಕಾಯಿಲೆ ಮರುಕಳಿಸೀತೆಂಬ ಹೆದರಿಕೆ ಸಹಜ, ನನಗೂ ಇತ್ತು. ಆದರೆ ಆರೋಗ್ಯವಂತ ಮೂತ್ರಪಿಂಡವಿದ್ದವರಲ್ಲೂ ರಕ್ತದ ಲಿಥಿಯಂ ಅರ್ಧಕ್ಕೆ ಇಳಿಯಲು ಸುಮಾರು ಒಂದು ದಿನ ಬೇಕು, ಮೈ ಒಣಗಿದ್ದರೆ ಇನ್ನೂ ಹೆಚ್ಚು. ಒಂದು ಮಾತ್ರೆ ತಪ್ಪಿದ ಮಾತ್ರಕ್ಕೆ ಅದು ಮೈಯಿಂದ ಪೂರ್ತಿ ಹೋಗಿಬಿಡುವುದಿಲ್ಲ. ನುಂಗಿದ ಮಾತ್ರೆ ವಾಂತಿಯಲ್ಲಿ ಬಂದರೂ ಇನ್ನೊಂದನ್ನು ಕೊಡಬೇಡಿ. ತಪ್ಪಿದ್ದನ್ನು ಸೇರಿಸಿ ಮರುದಿನ ಎರಡು ಪಾಲು ಕೊಡುವುದಂತೂ ಬೇಡವೇ ಬೇಡ. ಈ ಮಾತು ಲಿಥಿಯಂಗೆ ಮಾತ್ರ. ಜೊತೆಗಿರುವ ಬೇರೆ ಮನೋರೋಗದ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಹಾಗೆಯೇ ಲಿಥಿಯಂ ಅನ್ನು ವೈದ್ಯರನ್ನು ಕೇಳದೆ ದಿನಗಟ್ಟಲೆ ಬಿಟ್ಟರೆ ಉನ್ಮಾದ ಅಥವಾ ಖಿನ್ನತೆ ಮರಳುವ ಅಪಾಯ ನಿಜವಾದದ್ದು.

ಮೂರನೆಯದು ಕುಡಿಸುವುದು. ಇದಕ್ಕೆ ಓಆರ್‌ಎಸ್ ಪುಡಿಗಿಂತ ಒಳ್ಳೆಯದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ, ಜೊತೆಗೆ ಪೊಟಾಸಿಯಂ ಮತ್ತು ಸಿಟ್ರೇಟ್. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಯಾವುದು ಕೈಯಲ್ಲಿದೆ ಎಂದು ಪೊಟ್ಟಣದ ಮೇಲೆ ಓದಿಯೇ ಕಲಸಿ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿದರೆ ಉಪ್ಪು ಅತಿಯಾಗುತ್ತದೆ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂದು ತರಬೇಡಿ, ಅವುಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ. ಈ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದೆಂದು ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಪುಡಿ ಸಿಗದ ರಾತ್ರಿಯಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಸಮಚಮಚ ಉಪ್ಪು ಹಾಕಿ. ಚಹಾ ಚಮಚದಲ್ಲಿ, ಅಂಚಿಗೆ ಸಮನಾಗಿ ಬೆರಳಿನಿಂದ ಸವರಿ ಅಳೆಯಬೇಕು.

ಲೋಟವನ್ನು ಒಮ್ಮೆಲೇ ಕೈಗೆ ಕೊಟ್ಟರೆ ಅದೂ ವಾಂತಿಯಾಗುತ್ತದೆ. ಒಂದೊಂದು ಚಮಚ, ಒಂದೆರಡು ನಿಮಿಷಕ್ಕೊಮ್ಮೆ ಕೊಡಿ. ಮತ್ತೆ ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮುಂದುವರಿಸಿ. ಭೇದಿಯಾದ ಪ್ರತಿ ಸಲಕ್ಕೂ ಒಂದರಿಂದ ಎರಡು ಲೋಟ ಒಳಗೆ ಹೋಗಬೇಕು. ಬಾಯಾರಿಕೆ ಆದಂತೆ ನಡುವೆ ಬರಿಯ ನೀರನ್ನೂ ಕೊಡಿ, ಏಕೆಂದರೆ ಇವರ ಮೂತ್ರದಲ್ಲಿ ನೀರು ಬೇಗ ಹೋಗುತ್ತಿರುತ್ತದೆ. ಉಪ್ಪು ಹಾಕಿದ ಗಂಜಿ, ತಿಳಿಸಾರು, ಉಪ್ಪಿನ ಮಜ್ಜಿಗೆ ಒಳ್ಳೆಯವು. ಎಳನೀರು ಬಾಯಿಗೆ ಹಿತ, ಆದರೆ ಅದರಲ್ಲಿ ಪೊಟಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಹೋದ ಉಪ್ಪನ್ನು ಅದು ತುಂಬಿಕೊಡುವುದಿಲ್ಲ. ನಾವು ಆ ಮೂರು ದಿನ ದಿನಕ್ಕೆರಡು ಎಳನೀರು ಕೊಟ್ಟು ಸಮಾಧಾನಪಟ್ಟುಕೊಂಡಿದ್ದೆವು.

ನಾಲ್ಕನೆಯದು, ನೋವಿನ ಮಾತ್ರೆ. ಜ್ವರಕ್ಕೆ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್, ಇವು ಮೂತ್ರಪಿಂಡದಲ್ಲಿ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ಅಂಗಡಿಯವರು ಕೊಡುವ ಜ್ವರದ ಮಾತ್ರೆಗಳಲ್ಲಿ ಎಷ್ಟೋ ಸಲ ಪ್ಯಾರಾಸಿಟಮಾಲ್ ಜೊತೆ ಇವುಗಳಲ್ಲೊಂದು ಸೇರಿರುತ್ತದೆ. ಮಾತ್ರೆಯ ಹಾಳೆಯ ಹಿಂಬದಿ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಊರಿನ ಕ್ಲಿನಿಕ್‌ನಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಜ್ವರ, ನೋವಿಗೆ ಹಾಕುವ ಆ ಸೂಜಿಯಲ್ಲಿ ಡೈಕ್ಲೊಫೆನಾಕ್ ಇರಬಹುದು. ತೋಳು ಚಾಚುವ ಮೊದಲೇ "ನಾನು ಲಿಥಿಯಂ ತೆಗೆದುಕೊಳ್ಳುತ್ತೇನೆ" ಎಂದು ಹೇಳಿ. ಮಳೆಗಾಲದ ಜ್ವರ ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಭಯದಿಂದಲೂ ಈ ಮಾತ್ರೆಗಳು ಕೂಡದು. ಭೇದಿಗೆ ಬರೆಯುವ ಮೆಟ್ರೊನಿಡಜೋಲ್ ಜೊತೆಗೂ ಲಿಥಿಯಂ ಏರಿದ ವರದಿಗಳಿವೆ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಅಥವಾ ಹೈಡ್ರೊಕ್ಲೋರೊಥಯಾಜೈಡ್, ಕ್ಲೋರ್‌ಥಾಲಿಡೋನ್ ಎಂಬ ಮೂತ್ರ ಹೆಚ್ಚಿಸುವ ಮಾತ್ರೆ ನಡೆಯುತ್ತಿದ್ದರೆ, ಮೈ ಒಣಗಿದ ದಿನ ಅವುಗಳಿಂದ ಅಪಾಯ ಇಮ್ಮಡಿಯಾಗುತ್ತದೆ. ಫೋನ್ ಮಾಡಿದಾಗ ಅವುಗಳನ್ನೂ ಏನು ಮಾಡಬೇಕೆಂದು ಕೇಳಿ.

ಕಾಯದೆ ಹೊರಡಬೇಕಾದ ಲಕ್ಷಣಗಳು

ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ ನೋಡಿ. ಎಂದಿನ ಬೆರಳಿನ ಸಣ್ಣ ನಡುಕ ಬೇರೆ, ಲೋಟದ ನೀರು ಚೆಲ್ಲಿಸುವ ದೊಡ್ಡ ನಡುಕ ಬೇರೆ. ನೆಲದ ಟೈಲ್ಸ್ ಗೆರೆಯ ಮೇಲೆ ನಾಲ್ಕು ಹೆಜ್ಜೆ ನಡೆಸಿ, ತೂರಾಡುತ್ತಾರೆಯೇ ನೋಡಿ. ನಾಲಿಗೆ ದಪ್ಪವಾದಂತೆ ಮಾತು ತೊದಲುತ್ತಿದೆಯೇ ಕೇಳಿಸಿಕೊಳ್ಳಿ. ನಾವು ಈಗ ಒಂದು ಪುಸ್ತಕ ಇಟ್ಟಿದ್ದೇವೆ. ಪ್ರತಿ ತಿಂಗಳ ಮೊದಲ ದಿನ ಅಣ್ಣ ಅದರಲ್ಲಿ ಸಹಿ ಹಾಕುತ್ತಾನೆ. ಜ್ವರ ಬಂದ ದಿನ ಮತ್ತೊಂದು ಸಹಿ ಹಾಕಿಸಿ ಪಕ್ಕದಲ್ಲಿಟ್ಟು ಹೋಲಿಸುತ್ತೇವೆ. ಅಕ್ಷರ ಮುರಿದು ಹರಡಿದ್ದರೆ ಕಣ್ಣಿಗೇ ಕಾಣುತ್ತದೆ.

ದೊಡ್ಡ ನಡುಕ, ತೂರಾಟ, ತೊದಲು, ಮಾಂಸಖಂಡಗಳು ತಾವಾಗಿ ಅದುರುವುದು, ಎಬ್ಬಿಸಿದರೂ ಮಂಪರು, ಗೊಂದಲದ ಮಾತು, ಇವುಗಳಲ್ಲಿ ಒಂದಿದ್ದರೂ ಲಿಥಿಯಂ ನಿಲ್ಲಿಸಿ ತುರ್ತು ಚಿಕಿತ್ಸೆಗೆ ಹೊರಡಿ. ಸೆಳವು ಬಂದರೆ, ಪ್ರಜ್ಞೆ ತಪ್ಪಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಕುಡಿದದ್ದೆಲ್ಲ ವಾಂತಿಯಾಗಿ ಆರು ಗಂಟೆಗಳಿಂದ ಏನೂ ಒಳಗೆ ಉಳಿಯದಿದ್ದರೆ, ಈ ಲಕ್ಷಣಗಳು ಇಲ್ಲದಿದ್ದರೂ ಹೋಗಬೇಕು. ಮಂಪರಿನಲ್ಲಿ ಇರುವವರ ಬಾಯಿಗೆ ನೀರು ಹಾಕಬೇಡಿ, ಉಸಿರಿನ ಕೊಳವೆಗೆ ಹೋದೀತು. ತಡ ಮಾಡಿದರೆ ನಡಿಗೆ ಮತ್ತು ಮಾತಿನ ತೊಂದರೆ ಕೆಲವರಲ್ಲಿ ಮಟ್ಟ ಇಳಿದ ಮೇಲೂ ಉಳಿದುಬಿಡುತ್ತದೆ.

ಆಸ್ಪತ್ರೆಯಲ್ಲಿ ನೀವೇ ಬಾಯಿಬಿಟ್ಟು ಕೇಳಬೇಕಾದ ಪರೀಕ್ಷೆಗಳು ಇವು: ಲಿಥಿಯಂ ಮಟ್ಟ, ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತೋರಿಸುವ ಕ್ರಿಯೇಟಿನಿನ್, ಸೋಡಿಯಂ ಮತ್ತು ಪೊಟಾಸಿಯಂ. ಸಾಮಾನ್ಯ ದಿನಗಳಲ್ಲಿ ಕೊನೆಯ ಮಾತ್ರೆಯಿಂದ 12 ಗಂಟೆ ಬಿಟ್ಟು ರಕ್ತ ಕೊಡಬೇಕು. ತುರ್ತಿನಲ್ಲಿ ಅದಕ್ಕೆ ಕಾಯುವಂತಿಲ್ಲ, ಮಾತ್ರೆ ನುಂಗಿದ ಸಮಯ ಹೇಳಿದರೆ ವೈದ್ಯರು ಲೆಕ್ಕ ಹಾಕಿಕೊಳ್ಳುತ್ತಾರೆ. ರಕ್ತ ತೆಗೆಯುವವರಿಗೆ ಒಂದು ಮಾತು ನೆನಪಿಸಿ: ಲಿಥಿಯಂ ಹೆಪರಿನ್ ಇರುವ ಹಸಿರು ಮುಚ್ಚಳದ ನಳಿಕೆ ಬೇಡ. ಆ ನಳಿಕೆಯಲ್ಲಿರುವ ಲಿಥಿಯಂ ರಕ್ತಕ್ಕೆ ಸೇರಿ ಇಲ್ಲದ ಮಟ್ಟ ತೋರಿಸುತ್ತದೆ. ಬಹಳ ಕಾಲದಿಂದ ಮೂತ್ರ ಹೆಚ್ಚು ಹೋಗುತ್ತಿದ್ದರೆ ಅದನ್ನೂ ತಿಳಿಸಿ. ಅಂಥವರಿಗೆ ಸಲೈನ್ ಏರಿಸುವಾಗ ಸೋಡಿಯಂ ವಿಪರೀತ ಏರುವ ಸಂಭವವಿದೆ, ಮತ್ತೆ ಮತ್ತೆ ಪರೀಕ್ಷಿಸುತ್ತಿರಬೇಕಾಗುತ್ತದೆ. ಮಟ್ಟ ಬಹಳ ಹೆಚ್ಚಿದ್ದರೆ ಅಥವಾ ಪ್ರಜ್ಞೆ ಮಂಕಾಗಿದ್ದರೆ ಡಯಾಲಿಸಿಸ್ ಮಾಡುತ್ತಾರೆ. ಅದು ಮೂತ್ರಪಿಂಡ ಪೂರ್ತಿ ಕೆಟ್ಟಿತೆಂದು ಅಲ್ಲ, ಲಿಥಿಯಂ ಅನ್ನು ಬೇಗ ತೆಗೆಯಲು.

ಮತ್ತೆ ಶುರುಮಾಡುವುದು

ವಾಂತಿ, ಭೇದಿ ನಿಂತು, ಒಂದೆರಡು ದಿನ ಎಂದಿನ ಉಪ್ಪಿನ ಊಟ, ನೀರು ಸೇರಿದ ಮೇಲೆ ಮತ್ತೆ ಯಾವ ಪ್ರಮಾಣದಲ್ಲಿ ಶುರುಮಾಡಬೇಕೆಂದು ವೈದ್ಯರು ಹೇಳುತ್ತಾರೆ. ಮಟ್ಟ ಏರಿದ್ದವರಲ್ಲಿ ರಕ್ತಪರೀಕ್ಷೆ ನೋಡಿಯೇ ತೀರ್ಮಾನಿಸುತ್ತಾರೆ. ಅಣ್ಣನಿಗೆ ಮೊದಲಿನ 900 ಮಿಲಿಗ್ರಾಂ ಬದಲು 600ರಿಂದ ಶುರುಮಾಡಿ, ಒಂದು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿದರು. ಅದು ಅವನ ಮೂತ್ರಪಿಂಡ ನೋಡಿ ಅವನಿಗೆ ಹೇಳಿದ ಪ್ರಮಾಣ. ಪ್ರಮಾಣ ಬದಲಾದಾಗಲೆಲ್ಲ ಐದರಿಂದ ಏಳು ದಿನಕ್ಕೆ ಪರೀಕ್ಷೆ ಮಾಡಿಸುವುದು ವಾಡಿಕೆ, ಮಟ್ಟ ಹೊಸದಾಗಿ ನೆಲೆಗೊಳ್ಳಲು ಅಷ್ಟು ಸಮಯ ಬೇಕು. ಆ ದಿನಗಳಲ್ಲಿ ನಿದ್ದೆಯ ಮೇಲೆ ಕಣ್ಣಿಡಿ. ಎರಡು ರಾತ್ರಿ ನಿದ್ದೆಯೇ ಬೇಡವೆಂಬಂತೆ ಉತ್ಸಾಹದಿಂದಿದ್ದರೆ, ಮಾತು ವೇಗವಾದರೆ, ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ. ಇಂಥ ಹೊತ್ತಿನಲ್ಲಿ ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ.

ಮುಂದಿನ ಭೇಟಿಯಲ್ಲಿ ಒಂದು ಚೀಟಿ ಬರೆಸಿಕೊಂಡು ಬನ್ನಿ: ವಾಂತಿ ಅಥವಾ ಜ್ವರ ಬಂದರೆ ಯಾವ ಮಾತ್ರೆ ನಿಲ್ಲಿಸಬೇಕು, ಎಷ್ಟು ಹೊತ್ತು, ರಾತ್ರಿ ಯಾರಿಗೆ ಕರೆ ಮಾಡಬೇಕು, ಕೊನೆಯ ಲಿಥಿಯಂ ಮಟ್ಟ ಮತ್ತು ಕ್ರಿಯೇಟಿನಿನ್ ಎಷ್ಟು. ನಮ್ಮ ಮನೆಯಲ್ಲಿ ಆ ಚೀಟಿ, ನಾಲ್ಕು ಓಆರ್‌ಎಸ್ ಪೊಟ್ಟಣ, ಒಂದು ಹಾಳೆ ಪ್ಯಾರಾಸಿಟಮಾಲ್ ಮತ್ತು ಥರ್ಮಾಮೀಟರ್ ಒಂದೇ ಸ್ಟೀಲ್ ಡಬ್ಬಿಯಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿವೆ. ಚೀಟಿಯ ಒಂದು ಪ್ರತಿ ಅಣ್ಣನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಇದೆ.